ಯಾವ ಊರಿಗೆ ಬಿಡ್ ಏರಿಸಬೇಕು? ಗೂಗಲ್ ಜಾಹೀರಾತಿನ ಲೆಕ್ಕವನ್ನು ಊರುವಾರು ಬಿಡಿಸಿ ನೋಡುವ ಕ್ರಮ

"ಮೈಸೂರಿನಿಂದ ಆರ್ಡರ್ ಅಗ್ಗಕ್ಕೆ ಬರ್ತಾ ಇದೆ, ಅಲ್ಲಿಗೆ ಬಿಡ್ ಜಾಸ್ತಿ ಮಾಡ್ಲಾ?" ಗೂಗಲ್‌ನಲ್ಲಿ ಜಾಹೀರಾತು ಕೊಟ್ಟು ಸಾಮಾನು ಮಾರುವವರು ತಿರುಗಿ ತಿರುಗಿ ಕೇಳುವ ಪ್ರಶ್ನೆ ಇದು. ಊರಿನ ಹೆಸರು ಮಾತ್ರ ಬೇರೆ ಬೇರೆ. ಬಿಡ್ ಎಂದರೆ ಜಾಹೀರಾತಿನ ಒಂದು ಕ್ಲಿಕ್‌ಗೆ ಇಷ್ಟರವರೆಗೆ ಕೊಡುತ್ತೇನೆ ಎಂದು ಗೂಗಲ್‌ಗೆ ಹೇಳುವ ಬೆಲೆ. ಹಾಗಾಗಿ ಲೆಕ್ಕ ಹಾಕುವ ಕ್ರಮವನ್ನೇ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಒಂದು ಊರಿನಲ್ಲಿ ಸೇಲ್ ಅಗ್ಗಕ್ಕೆ ಸಿಗುತ್ತಿದೆ ಎಂಬುದಷ್ಟೇ ಬಿಡ್ ಏರಿಸಲು ಸಾಲದು. ಆ ಅಗ್ಗದ ಲೆಕ್ಕವನ್ನು ನಂಬುವಷ್ಟು ಸೇಲ್ ಅಲ್ಲಿ ಆಗಿರಬೇಕು. ಬಿಡ್ ಏರಿಸಿದರೆ ಇನ್ನಷ್ಟು ಸೇಲ್ ಸಿಗುವಷ್ಟು ಜಾಗ ಅಲ್ಲಿ ಉಳಿದಿರಬೇಕು. ಹಾಗೆ ಸಿಗುವ ಹೆಚ್ಚುವರಿ ಸೇಲ್‌ನ ಬೆಲೆಯೂ ನಿಮಗೆ ಗಿಟ್ಟಬೇಕು. ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ.

ಉದಾಹರಣೆಗೆ ಇಳಕಲ್ ಸೀರೆ ಮಾರುವ ಒಂದು ಸಣ್ಣ ಆನ್‌ಲೈನ್ ಅಂಗಡಿ ಎಂದುಕೊಳ್ಳೋಣ. ಇಳಕಲ್ ಸೀರೆಯನ್ನು ಕರ್ನಾಟಕದಲ್ಲಿ ಮಾತ್ರವಲ್ಲ, ಮಹಾರಾಷ್ಟ್ರದಲ್ಲೂ ಉಡುತ್ತಾರೆ. ಅದಕ್ಕೇ ಪುಣೆ, ಸೋಲಾಪುರದಿಂದಲೂ ಆರ್ಡರ್ ಬರುತ್ತದೆ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾನು ಹಾಕಿಕೊಂಡವು. ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡಿ.

ಏನೇನು ಬೇಕು

ಗೂಗಲ್ ಆಡ್ಸ್ ಖಾತೆಯಲ್ಲಿ ಸೇಲ್ ದಾಖಲಾಗುವ ವ್ಯವಸ್ಥೆ ಇರಬೇಕು. ಜಾಹೀರಾತು ಕ್ಲಿಕ್ ಮಾಡಿದವರು ನೀವು ಬಯಸಿದ ಕೆಲಸ ಮಾಡಿದರೆ, ಅಂದರೆ ಇಲ್ಲಿ ಆರ್ಡರ್ ಕೊಟ್ಟರೆ, ಅದನ್ನು ಕನ್ವರ್ಷನ್ ಎನ್ನುತ್ತಾರೆ. ಇದರ ಜೊತೆಗೆ ಅಂಗಡಿಯ ಆರ್ಡರ್ ಪಟ್ಟಿ ಬೇಕು. ಅದರಲ್ಲಿ ಪಿನ್‌ಕೋಡ್ ಇರಬೇಕು, ಪಾರ್ಸೆಲ್ ತಲುಪಿತೋ ವಾಪಸ್ ಬಂತೋ ಎಂಬುದೂ ಇರಬೇಕು. ಆಮೇಲೆ ಒಂದು ಎಕ್ಸೆಲ್ ಹಾಳೆ. ಬೇರೆ ಸಾಫ್ಟ್‌ವೇರ್ ಏನೂ ಬೇಡ.

ಇನ್ನೊಂದನ್ನು ಈಗಲೇ ನೋಡಿಕೊಳ್ಳಿ: ನಿಮ್ಮ ಕ್ಯಾಂಪೇನ್‌ನಲ್ಲಿ ಬಿಡ್ ಹಾಕುತ್ತಿರುವುದು ಯಾರು? ಒಂದು ಕ್ಲಿಕ್‌ಗೆ ಇಷ್ಟು ಎಂದು ನೀವೇ ಹಾಕುತ್ತಿದ್ದರೆ, ಅಂದರೆ `Manual CPC` ಇದ್ದರೆ, ಊರುವಾರು ಬಿಡ್ ಹೆಚ್ಚು ಕಡಿಮೆ ಮಾಡಬಹುದು. `Target CPA`, `Target ROAS`, `Maximize conversions` ತರಹದ ತಾನಾಗಿ ಬಿಡ್ ಹಾಕುವ ವಿಧಾನ ಇದ್ದರೆ, ಊರಿಗೆ ನೀವು ಹಾಕಿದ ಶೇಕಡಾವಾರು ಏರಿಳಿತವನ್ನು ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. +30% ಎಂದು ಹಾಕಿ ತಿಂಗಳುಗಟ್ಟಲೆ ಕಾದು, "ಏನೂ ಬದಲಾಗ್ಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರ ಕಥೆ ಇದೇ. ಅಂಥವರು ಏನು ಮಾಡಬೇಕು ಎಂಬುದು 7ನೇ ಹಂತದಲ್ಲಿದೆ. ಆದರೆ ಅಲ್ಲಿಯವರೆಗಿನ ಲೆಕ್ಕ ಇಬ್ಬರಿಗೂ ಒಂದೇ.

ಹಂತ 1: ಒಂದು ಸೇಲ್‌ಗೆ ಎಷ್ಟರವರೆಗೆ ಖರ್ಚು ಮಾಡಬಹುದು?

ಊರುಗಳನ್ನು ಒಂದಕ್ಕೊಂದು ಹೋಲಿಸುವ ಮೊದಲು ನಿಮ್ಮದೇ ಒಂದು ಮಿತಿ ಇಟ್ಟುಕೊಳ್ಳಿ. ಸೀರೆ ಸರಾಸರಿ 1,800 ರೂಪಾಯಿಗೆ ಹೋಗುತ್ತದೆ ಎಂದುಕೊಳ್ಳಿ. ಸೀರೆಯ ಅಸಲು 1,100. ಪ್ಯಾಕಿಂಗ್, ಕೊರಿಯರ್ ಸೇರಿ 150. ಕೈಯಲ್ಲಿ ಉಳಿಯುವುದು 550. ಅದರಲ್ಲಿ 150 ನಿಮಗೆ ಬೇಕೇ ಬೇಕು ಎಂದಾದರೆ, ಜಾಹೀರಾತಿನ ಮಿತಿ 400 ರೂಪಾಯಿ. 550 ದಾಟಿದರೆ ಪ್ರತಿ ಸೀರೆಗೂ ಕೈಯಿಂದ ಹಾಕಬೇಕಾಗುತ್ತದೆ. ಈ ಎರಡು ಅಂಕಿಗಳೂ ಕೊನೆಯವರೆಗೆ ಬೇಕಾಗುತ್ತವೆ.

ಗೂಗಲ್ ತೋರಿಸುವ ಖರ್ಚಿನಲ್ಲಿ 18% ಜಿಎಸ್‌ಟಿ ಸೇರಿರುವುದಿಲ್ಲ. ಇನ್‌ಪುಟ್ ಕ್ರೆಡಿಟ್ ಪಡೆಯುವವರಿಗೆ ತೊಂದರೆ ಇಲ್ಲ. ಪಡೆಯಲು ಆಗದವರು ಖರ್ಚಿಗೆ ಅದನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿ.

ಇನ್ನು, ಬೆಂಗಳೂರಿನವರು ಮೂರು ಸಾವಿರದ ಸೀರೆ, ಬೇರೆ ಊರಿನವರು ಸಾವಿರದ ಸೀರೆ ಕೊಳ್ಳುತ್ತಾರೆ ಎನ್ನುವಷ್ಟು ವ್ಯತ್ಯಾಸ ಇದ್ದರೆ ಎಲ್ಲ ಊರಿಗೂ ಒಂದೇ ಮಿತಿ ಸರಿಹೋಗದು. ಆಗ ಊರಿಗೊಂದು ಮಿತಿ ಇಡಿ.

ಹಂತ 2: ಊರುವಾರು ವರದಿ ತೆಗೆಯಿರಿ

ಗೂಗಲ್ ಆಡ್ಸ್‌ನಲ್ಲಿ `Insights and reports` ಒಳಗೆ `When and where ads showed` ಎಂಬುದಿದೆ. ಅಲ್ಲಿ `Matched locations` ತೆರೆದು ಊರಿನ ಮಟ್ಟಕ್ಕೆ ಇಳಿಯಿರಿ. ಕ್ಲಿಕ್, ಖರ್ಚು, ಕನ್ವರ್ಷನ್ ಮೂರು ಕಾಲಂ ಸಾಕು. ಡೌನ್‌ಲೋಡ್ ಮಾಡಿಕೊಳ್ಳಿ.

ಎಷ್ಟು ದಿನದ್ದು ತೆಗೆಯಬೇಕು? ದಿನಕ್ಕೆ ಮೂರು ನಾಲ್ಕು ಆರ್ಡರ್ ಬರುವ ಅಂಗಡಿಗೆ 90 ದಿನ ಬೇಕು. ಆದರೆ ತೀರಾ ಇತ್ತೀಚಿನ ಎರಡು ವಾರ ಬಿಟ್ಟು ಅದರ ಹಿಂದಿನ 90 ದಿನ ತೆಗೆದುಕೊಳ್ಳಿ. ಇವತ್ತು ಕ್ಲಿಕ್ ಮಾಡಿದವರು ಮುಂದಿನ ವಾರ ಕೊಳ್ಳಬಹುದು. ಗೂಗಲ್ ಆ ಸೇಲ್ ಅನ್ನು ಕ್ಲಿಕ್ ಆದ ದಿನಕ್ಕೇ ಸೇರಿಸುತ್ತದೆ. ಆದ್ದರಿಂದ ಇತ್ತೀಚಿನ ದಿನಗಳಲ್ಲಿ ಖರ್ಚು ಪೂರ್ತಿ ಕಾಣುತ್ತದೆ, ಸೇಲ್ ಅರ್ಧಂಬರ್ಧ ಕಾಣುತ್ತದೆ. ಪಾರ್ಸೆಲ್ ತಲುಪಿತೋ ಇಲ್ಲವೋ ಗೊತ್ತಾಗಲೂ ಅಷ್ಟು ದಿನ ಬೇಕು.

ಸೀರೆಯಂಥ ಸಾಮಾನಿಗೆ ಹಬ್ಬವೂ ಲೆಕ್ಕ ಕೆಡಿಸುತ್ತದೆ. ವರಮಹಾಲಕ್ಷ್ಮಿ ಹಬ್ಬದ ಮುಂದೆ ಬೆಂಗಳೂರು, ಮೈಸೂರಿನಲ್ಲಿ ಬೇಡಿಕೆ ಏರುತ್ತದೆ. ಪುಣೆಯಲ್ಲಿ ಗುಡಿ ಪಾಡ್ವ ಹೊತ್ತಿಗೆ ಏರುತ್ತದೆ. ನಿಮ್ಮ 90 ದಿನದೊಳಗೆ ಒಂದೂರಿನ ಹಬ್ಬ ಬಿದ್ದು ಇನ್ನೊಂದೂರಿನದು ಬೀಳದಿದ್ದರೆ, ನೀವು ಊರನ್ನಲ್ಲ, ಹಬ್ಬವನ್ನು ಅಳೆಯುತ್ತಿದ್ದೀರಿ.

ಇಲ್ಲೇ ಎರಡು ಕಡೆ ಎಡವುವುದುಂಟು.

ಮೊದಲನೆಯದು, ಜಾಹೀರಾತು ಯಾರಿಗೆ ಕಾಣಬೇಕು ಎಂಬ ಆಯ್ಕೆ. ಕ್ಯಾಂಪೇನ್ ಸೆಟ್ಟಿಂಗ್‌ನ `Location options` ಒಳಗೆ `Presence or interest` ಎಂಬುದು ತಾನಾಗಿಯೇ ಆಯ್ಕೆಯಾಗಿರುತ್ತದೆ. ಹಾಗಿದ್ದರೆ ಮೈಸೂರಿನಲ್ಲಿ ಇರುವವರಿಗೆ ಮಾತ್ರವಲ್ಲ, ದೆಹಲಿಯಲ್ಲಿ ಕೂತು "ಮೈಸೂರು" ಎಂದು ಹುಡುಕುವವರಿಗೂ ಜಾಹೀರಾತು ಹೋಗುತ್ತದೆ. ಊರುವಾರು ಬಿಡ್ ಮಾಡುವವರು ಇದನ್ನು `Presence` ಎಂದು ಬದಲಿಸಿಕೊಳ್ಳಿ. ಆಗ ಆ ಊರಲ್ಲಿ ಇರುವವರು ಅಥವಾ ಅಲ್ಲಿಗೆ ಆಗಾಗ ಬಂದುಹೋಗುವವರು ಮಾತ್ರ ಉಳಿಯುತ್ತಾರೆ. ಬದಲಿಸಿದ ಮೇಲಿನ ದಿನಗಳ ಲೆಕ್ಕ ಹಳೆಯದಕ್ಕಿಂತ ಹೆಚ್ಚು ನಂಬುವಂಥದ್ದು.

ಎರಡನೆಯದು, ನಿಮ್ಮ ಅಂಗಡಿಯ ಹೆಸರನ್ನೇ ಟೈಪ್ ಮಾಡಿ ಹುಡುಕುವವರು. ಅವರು ಹೇಗೂ ಕೊಳ್ಳಲು ಬಂದವರು, ಸೇಲ್ ತುಂಬಾ ಅಗ್ಗಕ್ಕೆ ಆಗುತ್ತದೆ. ನಿಮ್ಮ ಅಂಗಡಿ ಇರುವ ಊರಲ್ಲಿ ಇಂಥವರು ಜಾಸ್ತಿ. ಅವರನ್ನು ಸೇರಿಸಿ ನೋಡಿದರೆ ಆ ಊರು ಚಿನ್ನದಂತೆ ಕಾಣುತ್ತದೆ. ಅಂಗಡಿ ಹೆಸರಿನ ಹುಡುಕಾಟಕ್ಕೆ ಬೇರೆ ಕ್ಯಾಂಪೇನ್ ಇಟ್ಟು, ಈ ಲೆಕ್ಕದಿಂದ ಹೊರಗಿಡಿ.

ಊರನ್ನು ಗುರುತಿಸುವುದರಲ್ಲೂ ತಪ್ಪು ಇದ್ದೇ ಇರುತ್ತದೆ ಎಂಬುದು ನೆನಪಿರಲಿ. ಮೊಬೈಲ್ ಇಂಟರ್ನೆಟ್‌ನಲ್ಲಿ ಸಣ್ಣ ಊರಿನವರು ಕೆಲವೊಮ್ಮೆ ಹತ್ತಿರದ ದೊಡ್ಡ ನಗರದವರಾಗಿ ದಾಖಲಾಗುತ್ತಾರೆ. "ಬೆಂಗಳೂರು" ಎಂಬ ಸಾಲಿನಲ್ಲಿ ರಾಮನಗರ, ತುಮಕೂರಿನವರೂ ಇರಬಹುದು. ಆದ್ದರಿಂದ ಅಕ್ಕಪಕ್ಕದ ಸಣ್ಣ ಊರುಗಳ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 3: ಆರ್ಡರ್ ಬಿಡಿ, ತಲುಪಿದ ಪಾರ್ಸೆಲ್ ಎಣಿಸಿ

ನಮ್ಮ ಕಡೆ ವ್ಯಾಪಾರದಲ್ಲಿ ಅತಿ ಮುಖ್ಯ ಹಂತ ಇದು. ಕ್ಯಾಶ್ ಆನ್ ಡೆಲಿವರಿ, ಅಂದರೆ ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡುವ ಆರ್ಡರ್‌ಗಳಲ್ಲಿ ಒಂದಷ್ಟು ವಾಪಸ್ ಬರುತ್ತವೆ. ಬಾಗಿಲಲ್ಲಿ ಬೇಡ ಎನ್ನುತ್ತಾರೆ, ಇಲ್ಲವೇ ಫೋನ್ ಎತ್ತುವುದಿಲ್ಲ. ಕೊರಿಯರ್‌ನವರ ಭಾಷೆಯಲ್ಲಿ ಇದು ಆರ್‌ಟಿಒ. ಗೂಗಲ್‌ಗೆ ಇದು ಗೊತ್ತಾಗುವುದಿಲ್ಲ. ಅದರ ಲೆಕ್ಕದಲ್ಲಿ ಆರ್ಡರ್ ಆದ ಕ್ಷಣಕ್ಕೇ ಸೇಲ್ ಆಯಿತು.

ವಾಪಸ್ ಬರುವ ಪ್ರಮಾಣ ಎಲ್ಲ ಊರಿನಲ್ಲೂ ಒಂದೇ ಇರುವುದಿಲ್ಲ. ಅದಕ್ಕೇ ಆರ್ಡರ್ ಪಟ್ಟಿಯಿಂದ ಊರುವಾರು ಲೆಕ್ಕ ತೆಗೆಯಬೇಕು. ಪಿನ್‌ಕೋಡಿನ ಮೊದಲ ಮೂರು ಅಂಕಿ ಒಂದು ವಿಂಗಡಣಾ ಜಿಲ್ಲೆಯನ್ನು ಸೂಚಿಸುತ್ತದೆ: 560 ಬೆಂಗಳೂರು, 570 ಮೈಸೂರು, 580 ಹುಬ್ಬಳ್ಳಿ-ಧಾರವಾಡ, 411 ಪುಣೆ, 500 ಹೈದರಾಬಾದ್. ಪಿನ್‌ಕೋಡ್ A ಕಾಲಂನಲ್ಲಿದ್ದರೆ:

```
=LEFT(A2,3)
```

ಇದರ ಮೇಲೆ ಪಿವಟ್ ಮಾಡಿದರೆ ಪ್ರತಿ ಊರಿಗೂ ಕಳಿಸಿದ್ದೆಷ್ಟು, ತಲುಪಿದ್ದೆಷ್ಟು ಎಂಬುದು ಸಿಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬೆಂಗಳೂರಿನಲ್ಲಿ ಕೂತ ಮಗಳು ಜಾಹೀರಾತು ಕ್ಲಿಕ್ ಮಾಡಿ, ಹುಬ್ಬಳ್ಳಿಯ ಅಮ್ಮನ ವಿಳಾಸಕ್ಕೆ ಸೀರೆ ಕಳಿಸಬಹುದು. ಖರ್ಚು ಬೆಂಗಳೂರಿನ ಲೆಕ್ಕಕ್ಕೆ, ಪಾರ್ಸೆಲ್ ಹುಬ್ಬಳ್ಳಿ ಲೆಕ್ಕಕ್ಕೆ. ಹಾಗಾಗಿ ಪಿನ್‌ಕೋಡ್‌ನಿಂದ ಸೇಲ್ ಎಣಿಸಿ ಗೂಗಲ್ ಖರ್ಚಿನ ಪಕ್ಕ ಇಡಬೇಡಿ. ಆರ್ಡರ್ ಸಂಖ್ಯೆಯನ್ನು ಗೂಗಲ್ ವರದಿಯಿಂದಲೇ ತೆಗೆದುಕೊಳ್ಳಿ. ಪಿನ್‌ಕೋಡ್ ಪಟ್ಟಿಯಿಂದ "ನೂರಕ್ಕೆ ಎಷ್ಟು ತಲುಪುತ್ತವೆ" ಎಂಬ ಪ್ರಮಾಣ ಮಾತ್ರ ತೆಗೆದುಕೊಂಡು ಅದಕ್ಕೆ ಗುಣಿಸಿ.

ಈಗ ವಾಪಸ್ ಬಂದ ಪಾರ್ಸೆಲ್‌ನ ನಷ್ಟ ಸೇರಿಸಬೇಕು. ಹೋಗಿ ಬರುವ ಕೊರಿಯರ್, ಹಾಳಾದ ಪ್ಯಾಕಿಂಗ್ ಸೇರಿ ಒಂದಕ್ಕೆ 180 ರೂಪಾಯಿ ಎಂದಿಟ್ಟುಕೊಳ್ಳೋಣ. ತಲುಪಿದ ಒಂದು ಸೇಲ್‌ಗೆ ಬಿದ್ದ ಖರ್ಚು ಎಂದರೆ, ಜಾಹೀರಾತಿನ ಖರ್ಚಿಗೆ ವಾಪಸ್‌ನ ನಷ್ಟ ಕೂಡಿಸಿ, ತಲುಪಿದ ಸಂಖ್ಯೆಯಿಂದ ಭಾಗಿಸಿದ್ದು. B ಕಾಲಂನಲ್ಲಿ ಖರ್ಚು, C ಯಲ್ಲಿ ಆರ್ಡರ್, D ಯಲ್ಲಿ ತಲುಪಿದ್ದು ಇದ್ದರೆ:

```
=(B2+(C2-D2)*180)/D2
```

ನಮ್ಮ ಸೀರೆ ಅಂಗಡಿಯ 90 ದಿನ ಹೀಗೆ ಕಾಣುತ್ತದೆ:

| ಊರು | ಕ್ಲಿಕ್ | ಖರ್ಚು (ರೂ.) | ಆರ್ಡರ್ | ತಲುಪಿದ್ದು | ಆರ್ಡರ್‌ಗೆ (ರೂ.) | ತಲುಪಿದ ಸೇಲ್‌ಗೆ (ರೂ.) |
|---|---|---|---|---|---|---|
| ಬೆಂಗಳೂರು | 4,200 | 42,000 | 126 | 113 | 333 | 392 |
| ಹೈದರಾಬಾದ್ | 1,500 | 18,000 | 30 | 25 | 600 | 756 |
| ಪುಣೆ | 1,100 | 9,900 | 44 | 40 | 225 | 266 |
| ಮೈಸೂರು | 900 | 8,100 | 33 | 30 | 245 | 288 |
| ಹುಬ್ಬಳ್ಳಿ | 700 | 5,600 | 24 | 16 | 233 | 440 |
| ಸೋಲಾಪುರ | 60 | 480 | 4 | 4 | 120 | 120 |

ಎಲ್ಲ ಸೇರಿ 228 ಸೀರೆ ತಲುಪಿವೆ. ಒಂದಕ್ಕೆ ಸರಾಸರಿ 395 ರೂಪಾಯಿ ಬಿದ್ದಿದೆ.

ಹುಬ್ಬಳ್ಳಿಯ ಸಾಲನ್ನು ಎರಡು ಸಲ ಓದಿ. ಆರ್ಡರ್ ಲೆಕ್ಕದಲ್ಲಿ ಅದು ಮೈಸೂರಿಗಿಂತ ಅಗ್ಗ. ಗೂಗಲ್ ವರದಿ ಮಾತ್ರ ನೋಡಿದವರು ಅಲ್ಲಿ ಬಿಡ್ ಏರಿಸಿಯೇ ಬಿಡುತ್ತಿದ್ದರು. 24ರಲ್ಲಿ 8 ವಾಪಸ್ ಬಂದಿದ್ದರಿಂದ ನಿಜವಾದ ಬೆಲೆ 440, ಮಿತಿಗಿಂತ ಮೇಲೆ. (ಹುಬ್ಬಳ್ಳಿಯವರು ಬೇಜಾರಾಗಬೇಡಿ, ಉದಾಹರಣೆಗೆ ಯಾವುದೋ ಒಂದು ಊರು ಬೇಕಿತ್ತು.) ಇಂಥ ಊರಿಗೆ ಮದ್ದು ಬಿಡ್ ಇಳಿಸುವುದಲ್ಲ. ಕಳಿಸುವ ಮೊದಲು ಒಂದು ಫೋನ್ ಅಥವಾ ವಾಟ್ಸಾಪ್ ಮಾಡಿ ಖಚಿತಪಡಿಸಿಕೊಳ್ಳಿ, ಮುಂಗಡ ಕೊಟ್ಟವರಿಗೆ ಸ್ವಲ್ಪ ರಿಯಾಯಿತಿ ಕೊಡಿ. ವಾಪಸ್ ಅರ್ಧಕ್ಕೆ ಇಳಿದರೆ 20 ತಲುಪುತ್ತವೆ, ಖರ್ಚು 316ಕ್ಕೆ ಬರುತ್ತದೆ. ಆಮೇಲೆ ಬಿಡ್ ಮಾತು.

ಹಂತ 4: ಸಣ್ಣ ಸಂಖ್ಯೆಯನ್ನು ನಂಬಬೇಡಿ

ಸೋಲಾಪುರದ 120 ರೂಪಾಯಿ ಕಣ್ಣು ಕುಕ್ಕುತ್ತದೆ ಅಲ್ವಾ? ಆದರೆ ಅದು ನಿಂತಿರುವುದು ನಾಲ್ಕು ಸೇಲ್ ಮೇಲೆ. ಒಂದೇ ಮನೆಯ ಮದುವೆಗೆ ಎರಡು ಸೀರೆ ಹೋಗಿದ್ದರೂ ಲೆಕ್ಕ ಹೀಗೇ ಕಾಣುತ್ತದೆ.

ಎಷ್ಟು ನಂಬಬಹುದು ಎಂದು ಅಂದಾಜು ಮಾಡಲು ಸುಲಭದ ದಾರಿ ಇದೆ. ಸೇಲ್ ಸಂಖ್ಯೆಯ ವರ್ಗಮೂಲ ತೆಗೆಯಿರಿ. ಅಷ್ಟು ಏರಿಳಿತ ಸುಮ್ನೆ ಅದೃಷ್ಟದಿಂದಲೇ ಆಗಬಹುದು. 4 ಸೇಲ್ ಇದ್ದರೆ ಏರಿಳಿತ 2, ಅಂದರೆ ಅರ್ಧಕ್ಕರ್ಧ. 25 ಇದ್ದರೆ 5, ಅಂದರೆ 20%. 100 ಇದ್ದರೆ 10, ಬರೀ 10%. ನನ್ನ ಮಟ್ಟಿಗೆ ತಲುಪಿದ ಸೇಲ್ 20 ದಾಟುವವರೆಗೆ ಒಂದು ಊರನ್ನು ಒಂಟಿಯಾಗಿ ನೋಡುವುದೇ ಇಲ್ಲ.

ಇನ್ನೂ ಭದ್ರವಾಗಿ ಲೆಕ್ಕ ಬೇಕೆಂದರೆ, ಪ್ರತಿ ಊರಿಗೂ ಸರಾಸರಿ ಬೆಲೆಯ ಹತ್ತು ಸೇಲ್ ಸೇರಿಸಿಬಿಡಿ. ನಮ್ಮ ಸರಾಸರಿ 395, ಹತ್ತಕ್ಕೆ 3,950. ಸೋಲಾಪುರಕ್ಕೆ 480 ಕೂಡಿಸು 3,950, ಭಾಗಿಸು 14. ಬರುವುದು 316. ಪುಣೆಯ ಒಟ್ಟು ಖರ್ಚು, ವಾಪಸ್‌ನ ನಷ್ಟ ಸೇರಿ, 10,620. ಅದಕ್ಕೆ 3,950 ಕೂಡಿಸಿ 50ರಿಂದ ಭಾಗಿಸಿದರೆ 291. ಸೋಲಾಪುರದ 120 ಒಮ್ಮೆಲೇ 316 ಆಯಿತು, ಪುಣೆಯ 266 ಮಾತ್ರ 291ಕ್ಕೆ ನಿಂತಿತು. ಹೆಚ್ಚು ಸೇಲ್ ಇರುವ ಊರಿನ ಲೆಕ್ಕ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ನಮಗೆ ಬೇಕಾದದ್ದೂ ಅದೇ. ಈ ಲೆಕ್ಕದಲ್ಲಿ ಮೈಸೂರು 315, ಬೆಂಗಳೂರು 393, ಹುಬ್ಬಳ್ಳಿ 423, ಹೈದರಾಬಾದ್ 653.

ಸೋಲಾಪುರ ಇನ್ನೂ ಮಿತಿಯೊಳಗೇ ಇದೆಯಲ್ಲ, ಏರಿಸಬಾರದೇ ಎಂದರೆ, ಏರಿಸಿ ಸಿಗುವುದೇನು? ಮೂರು ತಿಂಗಳಲ್ಲಿ ಅಲ್ಲಿಂದ ಬಂದದ್ದೇ 60 ಕ್ಲಿಕ್. ಅದು 75 ಆದರೂ ಒಂದು ಸೀರೆ ಜಾಸ್ತಿ ಹೋದೀತು. ಇಂಥ ಸಣ್ಣ ಊರುಗಳನ್ನು ಒಟ್ಟುಗೂಡಿಸಿ. ಸೋಲಾಪುರ, ವಿಜಯಪುರ, ಬಾಗಲಕೋಟೆ, ಕಲಬುರಗಿ ಸೇರಿಸಿ ಒಂದು ಗುಂಪು ಮಾಡಿದರೆ 20ರ ಗಡಿ ದಾಟಬಹುದು. ಗುಂಪು ಮಾಡುವಾಗ ಇಳಕಲ್ ಸೀರೆಯ ಬಳಕೆ ಇರುವ ಊರುಗಳು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ ಇರಲಿ. ಬೆಲೆ ನೋಡಿ ಅಗ್ಗದವನ್ನೆಲ್ಲ ಒಂದು ಗುಂಪಿಗೆ ಹಾಕಿದರೆ ಅದೃಷ್ಟವನ್ನೇ ಗುಂಪು ಮಾಡಿದಂತಾಗುತ್ತದೆ.

ಹಂತ 5: ಬಿಡ್ ಎಷ್ಟು ಏರಿಸಬೇಕು?

ಮಿತಿಯನ್ನು ಊರಿನ ಖರ್ಚಿನಿಂದ ಭಾಗಿಸಿ, ಒಂದು ಕಳೆಯಿರಿ. ಪುಣೆಗೆ 400 ಭಾಗಿಸು 291, ಸುಮಾರು 1.37. ಅಂದರೆ +37%. ಮೈಸೂರಿಗೆ +27%. ಬೆಂಗಳೂರಿಗೆ +2%, ಹುಬ್ಬಳ್ಳಿಗೆ -5%. ಈ ಎರಡನ್ನೂ ಮುಟ್ಟುವ ಅಗತ್ಯವಿಲ್ಲ. ಹೈದರಾಬಾದ್‌ಗೆ -39%.

ಈ ಅಂಕಿ ನಿಮ್ಮ ಮೇಲ್ಮಿತಿ, ಅದನ್ನೇ ಹಾಕಬೇಕೆಂದಿಲ್ಲ. ಮೊದಲ ಸಲ ಅರ್ಧ ಮಾತ್ರ ಹಾಕಿ: ಪುಣೆಗೆ +20%, ಮೈಸೂರಿಗೆ +15%, ಹೈದರಾಬಾದ್‌ಗೆ -20%. ಅರ್ಧವೇ ಏಕೆ ಎಂಬುದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಾಕುವ ಕ್ರಮ ಸರಳ. ಕ್ಯಾಂಪೇನ್‌ನ `Locations` ನಲ್ಲಿ ಆ ಊರನ್ನು ಬೇರೆಯಾಗಿ ಸೇರಿಸಿ. ಭಾರತ ಪೂರ್ತಿ ಆಯ್ಕೆ ಮಾಡಿದ್ದರೂ ಅದರ ಜೊತೆಗೆ ಪುಣೆಯನ್ನು ಸೇರಿಸಬಹುದು. ಆ ಸಾಲಿನ `Bid adj.` ಕಾಲಂನಲ್ಲಿ ಶೇಕಡಾ ಹಾಕಿ. ರಾಜ್ಯಕ್ಕೂ ಊರಿಗೂ ಎರಡಕ್ಕೂ ಹಾಕಿದ್ದರೆ ಊರಿನದು ನಡೆಯುತ್ತದೆ. ಆದರೆ ಮೊಬೈಲ್‌ಗೆ, ಸಮಯಕ್ಕೆ ಬೇರೆ ಏರಿಕೆ ಹಾಕಿದ್ದರೆ ಅವು ಒಂದರ ಮೇಲೊಂದು ಗುಣಿಸಿಕೊಳ್ಳುತ್ತವೆ. ಊರಿಗೆ +20%, ಮೊಬೈಲ್‌ಗೆ +30% ಇದ್ದರೆ ಪುಣೆಯ ಮೊಬೈಲ್ ಕ್ಲಿಕ್‌ಗೆ +56% ಬಿಡ್ ಹೋಗುತ್ತದೆ. ಹಳೆಯ ಏರಿಕೆ ಎಲ್ಲಾದರೂ ಮರೆತು ಕೂತಿದೆಯೇ ನೋಡಿಕೊಳ್ಳಿ.

ಏರಿಸುವ ಮೊದಲು ಬಜೆಟ್ ಕೂಡ ನೋಡಿ. ಕ್ಯಾಂಪೇನ್ ಮಟ್ಟದಲ್ಲಿ `Search lost IS (budget)` ಎಂಬ ಕಾಲಂ ಇದೆ. ಬಜೆಟ್ ಸಾಲದೆ ಎಷ್ಟು ಹುಡುಕಾಟಗಳಲ್ಲಿ ನಿಮ್ಮ ಜಾಹೀರಾತು ಕಾಣಲಿಲ್ಲ ಎಂಬುದನ್ನು ಅದು ಹೇಳುತ್ತದೆ. ಅದು ದೊಡ್ಡದಿದ್ದರೆ ನಿಮ್ಮ ಬಜೆಟ್ ಸಾಲುತ್ತಿಲ್ಲ ಎಂದರ್ಥ. ಆಗ ಬಿಡ್ ಏರಿಸಿದರೆ ಅದೇ ದುಡ್ಡಿಗೆ ಇನ್ನೂ ಕಡಿಮೆ ಕ್ಲಿಕ್ ಸಿಗುತ್ತದೆ. ಅಂಥ ಕಡೆ ಮೊದಲು ಹೈದರಾಬಾದ್ ಇಳಿಸಿ, ಉಳಿದ ಹಣ ಪುಣೆಗೆ ತಾನಾಗಿ ಹರಿಯಲು ಬಿಡಿ. ಪಕ್ಕದಲ್ಲೇ ಇರುವ `Search lost IS (rank)`, ಬಿಡ್ ಅಥವಾ ಜಾಹೀರಾತಿನ ಗುಣಮಟ್ಟ ಸಾಲದೆ ಎಷ್ಟು ಹುಡುಕಾಟಗಳಲ್ಲಿ ಕಾಣಲಿಲ್ಲ ಎಂಬುದನ್ನು ಹೇಳುತ್ತದೆ. ಅದು ದೊಡ್ಡದಿದ್ದರೆ ಮಾತ್ರ ಬಿಡ್ ಏರಿಸಿದ್ದಕ್ಕೆ ಫಲ ಕಾಣುವ ಸಾಧ್ಯತೆ.

ಹಂತ 6: ಹೆಚ್ಚುವರಿ ಸೇಲ್‌ನ ಬೆಲೆ ನೋಡಿ

ಬಿಡ್ ಬದಲಿಸಿದ ಮೇಲೆ ಆರು ವಾರ ಬಿಡಿ. ಆ ಹೊತ್ತಲ್ಲಿ ಸೀರೆಯ ಬೆಲೆ, ವೆಬ್‌ಸೈಟ್, ಜಾಹೀರಾತಿನ ಸಾಲು ಯಾವುದನ್ನೂ ಬದಲಿಸಬೇಡಿ. ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಈಗ ಪುಣೆಯನ್ನೇ ಹತ್ತಿರದಿಂದ ನೋಡೋಣ. ಬದಲಿಸುವ ಮೊದಲಿನ ಆರು ವಾರದಲ್ಲಿ 510 ಕ್ಲಿಕ್, 4,600 ರೂಪಾಯಿ. +20% ಹಾಕಿದ ಮೇಲಿನ ಆರು ವಾರದಲ್ಲಿ 650 ಕ್ಲಿಕ್, 6,300 ರೂಪಾಯಿ. ಅಂದರೆ 140 ಕ್ಲಿಕ್ ಜಾಸ್ತಿ ಬಂತು, ಅದಕ್ಕೆ 1,700 ರೂಪಾಯಿ ಜಾಸ್ತಿ ಹೋಯಿತು. ಹೆಚ್ಚುವರಿ ಕ್ಲಿಕ್ ಒಂದಕ್ಕೆ 12 ರೂಪಾಯಿ ಚಿಲ್ಲರೆ ಬಿದ್ದಿದೆ. ಮೊದಲು ಒಂದು ಕ್ಲಿಕ್‌ಗೆ 9 ಬೀಳುತ್ತಿತ್ತು.

ಸೇಲ್ ಬಿಟ್ಟು ಕ್ಲಿಕ್ ಏಕೆ ನೋಡುತ್ತಿದ್ದೇವೆ? ಆರು ವಾರದಲ್ಲಿ ಪುಣೆಯ ಸೇಲ್ 19 ಇದ್ದದ್ದು 24 ಆಗಬಹುದು, 17 ಕೂಡ ಆಗಬಹುದು. ಅಷ್ಟು ಸಣ್ಣ ಸಂಖ್ಯೆಯ ವ್ಯತ್ಯಾಸದಿಂದ ಏನೂ ಹೇಳಲು ಬರುವುದಿಲ್ಲ. ಕ್ಲಿಕ್ ಸಂಖ್ಯೆ ದೊಡ್ಡದು, ಅದರ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ನೂರು ಕ್ಲಿಕ್‌ಗೆ ಎಷ್ಟು ಸೇಲ್ ಎಂಬುದನ್ನು 90 ದಿನದ ಲೆಕ್ಕದಿಂದ ತೆಗೆದುಕೊಂಡರೆ ಸಾಕು. ಪುಣೆಯಲ್ಲಿ 1,100 ಕ್ಲಿಕ್‌ಗೆ 40 ತಲುಪಿವೆ, ಅಂದರೆ ಸುಮಾರು 27 ಅಥವಾ 28 ಕ್ಲಿಕ್‌ಗೆ ಒಂದು ಸೀರೆ. ಹೆಚ್ಚುವರಿ ಕ್ಲಿಕ್‌ನ ಬೆಲೆಯನ್ನು ಅದರಿಂದ ಗುಣಿಸಿದರೆ 334. ವಾಪಸ್‌ನ ನಷ್ಟ ಒಂದು ಸೀರೆಗೆ 18 ರೂಪಾಯಿ ಸೇರಿಸಿದರೆ 352. ಮಿತಿ 400. ಹಾಗಾಗಿ +20% ಉಳಿಸಿಕೊಳ್ಳಬಹುದು.

ಮುಂದಿನ ಮೆಟ್ಟಿಲು +35% ಎಂದುಕೊಳ್ಳಿ. ಮತ್ತೆ ಆರು ವಾರ. ಈ ಸಲ 750 ಕ್ಲಿಕ್, 8,300 ರೂಪಾಯಿ. ಜಾಸ್ತಿ ಬಂದದ್ದು 100 ಕ್ಲಿಕ್, ಜಾಸ್ತಿ ಹೋದದ್ದು 2,000. ಒಂದಕ್ಕೆ 20 ರೂಪಾಯಿ. ಸೀರೆ ಲೆಕ್ಕಕ್ಕೆ ತಂದರೆ 550, ವಾಪಸ್ ಸೇರಿ 568. ಒಂದು ಸೀರೆಯಿಂದ ಉಳಿಯುವುದೇ 550 ಎಂಬುದು ನೆನಪಿದೆಯಲ್ಲ. ಅಂದರೆ ಈ ಮೆಟ್ಟಿಲಿನಿಂದ ಬಂದ ಪ್ರತಿ ಹೆಚ್ಚುವರಿ ಸೀರೆಗೂ 18 ರೂಪಾಯಿ ಕೈಯಿಂದ ಹೋಗಿದೆ.

ಇದೇ ಹೊತ್ತಿಗೆ ಪುಣೆಯ ಒಟ್ಟು ಸರಾಸರಿ ಎಷ್ಟು ಕಾಣುತ್ತದೆ ಗೊತ್ತಾ? ಸುಮಾರು 322. ವರದಿ ನೋಡಿದವರಿಗೆ "ಇನ್ನೂ ಮಿತಿಗಿಂತ 78 ರೂಪಾಯಿ ಕೆಳಗಿದ್ದೇವೆ, ಇನ್ನಷ್ಟು ಏರಿಸೋಣ" ಎನ್ನಿಸುತ್ತದೆ. ಹಳೆಯ ಅಗ್ಗದ ಸೇಲ್‌ಗಳು ಹೊಸ ದುಬಾರಿ ಸೇಲ್‌ಗಳನ್ನು ಸರಾಸರಿಯ ಒಳಗೆ ಮುಚ್ಚಿಟ್ಟಿವೆ. ಅದಕ್ಕೇ ಪ್ರತಿ ಮೆಟ್ಟಿಲಲ್ಲೂ ಹೆಚ್ಚುವರಿ ಖರ್ಚನ್ನು ಹೆಚ್ಚುವರಿ ಸೇಲ್‌ನಿಂದ ಬೇರೆಯಾಗಿ ಭಾಗಿಸಬೇಕು. ಇಲ್ಲಿ +20%ಕ್ಕೆ ವಾಪಸ್ ಬರುವುದೇ ಸರಿ.

ಇಳಿಸಿದ ಊರಿಗೂ ಇದೇ ಲೆಕ್ಕವನ್ನು ತಿರುಗಿಸಿ ಹಾಕಿ. ಹೈದರಾಬಾದ್‌ನಲ್ಲಿ ಎಷ್ಟು ದುಡ್ಡು ಉಳಿಯಿತು, ಎಷ್ಟು ಕ್ಲಿಕ್ ಕಳೆದುಕೊಂಡಿರಿ? ಅಲ್ಲಿ 60 ಕ್ಲಿಕ್‌ಗೆ ಒಂದು ಸೀರೆ ತಲುಪುತ್ತಿದೆ. ಕಳೆದುಕೊಂಡ ಕ್ಲಿಕ್ ಒಂದಕ್ಕೆ 15 ರೂಪಾಯಿ ಉಳಿದಿದ್ದರೆ, ಕಳೆದುಕೊಂಡ ಒಂದು ಸೀರೆಗೆ 900 ಉಳಿಸಿದಂತಾಯಿತು. ಒಳ್ಳೆಯ ವ್ಯವಹಾರ. ಇನ್ನೂ ಒಂದು ಮೆಟ್ಟಿಲು ಇಳಿಸಬಹುದು.

ಹೋಲಿಕೆಯಲ್ಲಿ ಒಂದು ಎಚ್ಚರಿಕೆ: ಮೊದಲಿನ ಆರು ವಾರ ಮತ್ತು ಆಮೇಲಿನ ಆರು ವಾರದ ನಡುವೆ ಬೇಡಿಕೆಯೇ ಬದಲಾಗಿರಬಹುದು. ನೀವು ಮುಟ್ಟದೆ ಬಿಟ್ಟ ಬೆಂಗಳೂರನ್ನು ಅಳತೆಗೋಲು ಮಾಡಿಕೊಳ್ಳಿ. ಅಲ್ಲೂ ಕ್ಲಿಕ್ 25% ಏರಿದ್ದರೆ, ಪುಣೆಯ ಏರಿಕೆಗೆ ಕಾರಣ ನಿಮ್ಮ ಬಿಡ್ ಅಲ್ಲ.

ಹಂತ 7: ಗೂಗಲ್ ತಾನಾಗಿ ಬಿಡ್ ಹಾಕುತ್ತಿದ್ದರೆ

`Target CPA` ತರಹದ ವಿಧಾನಗಳು ಊರನ್ನು ಈಗಾಗಲೇ ಲೆಕ್ಕಕ್ಕೆ ತೆಗೆದುಕೊಂಡೇ ಬಿಡ್ ಹಾಕುತ್ತವೆ. ಪುಣೆಯಲ್ಲಿ ಆರ್ಡರ್ ಸುಲಭಕ್ಕೆ ಬರುತ್ತದೆ ಎಂಬುದು ಅದಕ್ಕೆ ಗೊತ್ತು. ಗೊತ್ತಿಲ್ಲದಿರುವುದು ಒಂದೇ, ಹುಬ್ಬಳ್ಳಿಯ ಎಂಟು ಪಾರ್ಸೆಲ್ ವಾಪಸ್ ಬಂದದ್ದು. ನೀವು ಸುಮ್ಮನಿದ್ದರೆ ಅದು ಹುಬ್ಬಳ್ಳಿಯನ್ನು ಒಳ್ಳೆಯ ಊರು ಎಂದೇ ತಿಳಿದು ಹಣ ಸುರಿಯುತ್ತದೆ.

ಆದ್ದರಿಂದ ಮೊದಲ ಕೆಲಸ, ವಾಪಸ್ ಬಂದ ಆರ್ಡರ್‌ಗಳ ಸುದ್ದಿಯನ್ನು ಅದಕ್ಕೆ ಮುಟ್ಟಿಸುವುದು. ಕನ್ವರ್ಷನ್ ದಾಖಲಾಗುವಾಗ ಆರ್ಡರ್ ನಂಬರ್ ಕೂಡ ಹೋಗುವಂತೆ ಮಾಡಿಟ್ಟರೆ, ಆಮೇಲೆ ಆ ನಂಬರ್‌ಗಳ ಪಟ್ಟಿ ಕೊಟ್ಟು ಅವನ್ನು ರದ್ದು ಮಾಡಬಹುದು. ಗೂಗಲ್ ಆಡ್ಸ್‌ನಲ್ಲಿ ಇದರ ಹೆಸರು `Conversion adjustments`. ರದ್ದಾದ ಸೇಲ್ ಯಾವ ಊರಿನ ಕ್ಲಿಕ್‌ನಿಂದ ಬಂದಿತ್ತೋ ಆ ಊರಿನ ಲೆಕ್ಕದಿಂದಲೇ ಕಳೆಯುತ್ತದೆ. ಮಗಳು ಬೆಂಗಳೂರಲ್ಲಿ, ಅಮ್ಮ ಹುಬ್ಬಳ್ಳಿಯಲ್ಲಿ ಎಂಬ ಗೋಜಲೂ ಇಲ್ಲಿ ಬರುವುದಿಲ್ಲ. ಹಳೆಯ ಆರ್ಡರ್‌ಗಳನ್ನು ತಡವಾಗಿ ರದ್ದು ಮಾಡಲು ಬಿಡುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆ ಕಳಿಸುತ್ತಿರಿ.

ಎರಡನೆಯ ದಾರಿ, ಊರಿನ ಗುಂಪಿಗೆ ಬೇರೆ ಕ್ಯಾಂಪೇನ್ ಮಾಡಿ ಅದಕ್ಕೆ ಬೇರೆ ಗುರಿ, ಅಂದರೆ ಒಂದು ಕನ್ವರ್ಷನ್‌ಗೆ ಸರಾಸರಿ ಇಷ್ಟು ಖರ್ಚಾಗಲಿ ಎಂಬ `Target CPA` ಅಂಕಿ, ಕೊಡುವುದು. ಗುರಿಯನ್ನು ಆರ್ಡರ್ ಲೆಕ್ಕದಲ್ಲಿ ಕೊಡಬೇಕು ಎಂಬುದನ್ನು ಮರೆಯಬೇಡಿ. ಹುಬ್ಬಳ್ಳಿಯಲ್ಲಿ ಮೂರು ಆರ್ಡರ್‌ಗೆ ಎರಡು ತಲುಪಿ ಒಂದು ವಾಪಸ್ ಬರುತ್ತದೆ. ತಲುಪಿದ ಎರಡಕ್ಕೆ ಮಿತಿ 800. ವಾಪಸ್‌ಗೆ 180 ಕಳೆದರೆ 620. ಮೂರು ಆರ್ಡರ್‌ಗೆ ಹಂಚಿದರೆ ತಲಾ 207. ಪುಣೆಯಲ್ಲಿ ಅದೇ ಲೆಕ್ಕಕ್ಕೆ 347 ಬರುತ್ತದೆ: 40 ತಲುಪಿದ್ದಕ್ಕೆ 16,000, ಅದರಲ್ಲಿ 720 ಕಳೆದು, 44 ಆರ್ಡರ್‌ಗೆ ಹಂಚಿದ್ದು.

ಆದರೆ ಊರಿಗೊಂದು ಕ್ಯಾಂಪೇನ್ ಮಾಡಲು ಹೋಗಬೇಡಿ. ತಿಂಗಳಿಗೆ ಎಂಟು ಆರ್ಡರ್ ಬರುವ ಕ್ಯಾಂಪೇನ್‌ನಲ್ಲಿ ಗೂಗಲ್‌ಗೆ ಕಲಿಯಲು ಏನೂ ಸಿಗುವುದಿಲ್ಲ, ಬಿಡ್ ಅಡ್ಡಾದಿಡ್ಡಿ ಹೋಗುತ್ತದೆ. ನಮ್ಮ ಅಂಗಡಿಗೆ ಎರಡು ಸಾಕು: ಬೆಂಗಳೂರು, ಮೈಸೂರು, ಪುಣೆ ಒಂದರಲ್ಲಿ, ಉಳಿದದ್ದೆಲ್ಲ ಇನ್ನೊಂದರಲ್ಲಿ. ಎರಡನೆಯದರಲ್ಲಿ ಮೊದಲನೆಯ ಊರುಗಳನ್ನು ಹೊರಗಿಡುವುದು ಮರೆತರೆ ಎರಡೂ ಒಂದೇ ಹುಡುಕಾಟಕ್ಕೆ ನುಗ್ಗುತ್ತವೆ, ನೀವು ಮಾಡಿದ ವಿಂಗಡಣೆಗೆ ಅರ್ಥವೇ ಇರುವುದಿಲ್ಲ.

ಮತ್ತೆ ಯಾವಾಗ ನೋಡಬೇಕು?

ಮೂರು ತಿಂಗಳಿಗೊಮ್ಮೆ ಹಂತ 2ರಿಂದ ಶುರುಮಾಡಿ. ವಾರ ವಾರ ನೋಡಿ ಬಿಡ್ ಅಲುಗಾಡಿಸಿದರೆ ಬರೀ ಅದೃಷ್ಟದ ಹಿಂದೆ ಓಡಿದಂತೆ. ನಡುವೆ ಕೊರಿಯರ್ ದರ ಬದಲಾದರೆ, ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಿದರೆ ಅಥವಾ ಸೀರೆಯ ಬೆಲೆ ಬದಲಾದರೆ 400ರ ಮಿತಿಯನ್ನು ಅವತ್ತೇ ತಿದ್ದಿ. ಬೆಂಗಳೂರಿನಂಥ ದೊಡ್ಡ ಸಾಲಿಗೆ ಮಾತ್ರ ತಿಂಗಳಿಗೊಮ್ಮೆ ಕಣ್ಣು ಹಾಯಿಸಿ. 42,000 ಖರ್ಚಾಗುವ ಕಡೆ 392 ಇದ್ದದ್ದು 430 ಆದರೆ ಅದರ ಪೆಟ್ಟು ಪುಣೆಯಲ್ಲಿ ಗಳಿಸಿದ್ದನ್ನೆಲ್ಲ ನುಂಗಿಹಾಕುತ್ತದೆ.